ತಾರಸಿ ಕುಂಡದ ನೋಟಿಸಿಗೆ ಯಾವ ಪದ ಹಾಕಬೇಕು?

"ನಮ್ಮ ಅಪಾರ್ಟ್‌ಮೆಂಟ್ ತಾರಸಿಯಲ್ಲಿ ಕುಂಡ ಇಡುವ ಬಗ್ಗೆ ನೋಟಿಸ್ ಬರೆಯೋ ಕೆಲಸ ನನಗೇ ಹಚ್ಚಿದ್ದಾರೆ. ನಿಯಮ, ಉಪವಿಧಿ, ಮಾರ್ಗಸೂಚಿ ಎಲ್ಲಾ ಒಂದೇ ಅಲ್ವಾ? ಗಟ್ಟಿಯಾಗಿ ಕೇಳೋದು ಯಾವುದು, ಅದನ್ನೇ ಹಾಕ್ತೀನಿ."

ಅಕ್ಕಾ, ಗಟ್ಟಿಯಾಗಿ ಕೇಳೋ ಪದ ಹುಡುಕಿಯೇ ನಾವು ಕಲಬುರಗಿಯಲ್ಲಿ ಪೇಚಿಗೆ ಸಿಕ್ಕಿದ್ದು. ನಾನು ನಮ್ಮ ಸೊಸೈಟಿಗೆ ಮೂರು ವರ್ಷ ಕಾರ್ಯದರ್ಶಿ ಆಗಿದ್ದೆ. ಒಂದು ಬೇಸಿಗೆಯಲ್ಲಿ ಮೇಲಿನ ಮಹಡಿಯ ಮನೆಗೆ ನೀರು ಜಿನುಗಿತು. ಕಮಿಟಿಯವರು ಸಂಜೆ ಚಹಾ ಕುಡಿಯುತ್ತಾ ತೀರ್ಮಾನ ಮಾಡಿದರು, ಮರುದಿನ ಲಿಫ್ಟ್ ಪಕ್ಕ ನೋಟಿಸ್ ಅಂಟಿಸಿದೆವು: "ಉಪವಿಧಿ ಪ್ರಕಾರ ತಾರಸಿಯಲ್ಲಿ ಕುಂಡ ಇಡುವಂತಿಲ್ಲ, ಇಟ್ಟರೆ 500 ರೂಪಾಯಿ ದಂಡ." ಇಬ್ಬರು ಸುಮ್ನೆ ಕಟ್ಟಿದರು. ಮೂರನೆಯವರು ಕೋರ್ಟಿನಲ್ಲಿ ಗುಮಾಸ್ತರಾಗಿ ರಿಟೈರ್ ಆದವರು. "ಎಷ್ಟನೇ ಉಪವಿಧಿ, ನಂಬರ್ ಹೇಳ್ರಿ" ಅಂದರು. ಪುಸ್ತಕ ತೆಗೆದು ನೋಡಿದರೆ ಕುಂಡದ ಮಾತೇ ಇಲ್ಲ. ಕಟ್ಟಿದ ಇಬ್ಬರಿಗೂ ದುಡ್ಡು ವಾಪಸ್ ಕೊಟ್ಟೆವು, ಮರ್ಯಾದೆ ಮಾತ್ರ ವಾಪಸ್ ಬರಲಿಲ್ಲ.

ಉಪವಿಧಿ, ಅಂದರೆ ನಾವು ಬಾಯಲ್ಲಿ ಬೈಲಾ ಅನ್ನೋದು, ಕಮಿಟಿ ಒಂದು ಸಂಜೆಯಲ್ಲಿ ಮಾಡುವಂಥದ್ದಲ್ಲ. ಸಂಘ ನೋಂದಣಿ ಆದಾಗ ಅದರ ಜೊತೆಗೇ ಬಂದಿರುತ್ತದೆ. ಸಹಕಾರ ಸಂಘವಾದರೆ ತಿದ್ದುಪಡಿ ಸರ್ವಸದಸ್ಯರ ಸಭೆಗೆ ಹೋಗಬೇಕು, ಆಮೇಲೆ ಸಹಕಾರ ಇಲಾಖೆಯಲ್ಲಿ ನೋಂದಣಿಯೂ ಆಗಬೇಕು. ಅಲ್ಲಿಯವರೆಗೆ ಅದು ಬರೀ ಪ್ರಸ್ತಾವನೆ.

ಇಲ್ಲಿ ಮೇಲೆ ಉತ್ತರ ಬರೆದ ಬೀದರಿನ ಅಣ್ಣಾವ್ರು "ನಿಯಮ ಅಂದರೂ ಉಪವಿಧಿ ಅಂದರೂ ಒಂದೇ" ಅಂದಿದ್ದಾರೆ. ಮಾತಿನಲ್ಲಿ ನಿಜ, ಕಾಗದದಲ್ಲಿ ಅರ್ಧ ನಿಜ. ನಿಮ್ಮ ಸಂಘದ ನೋಂದಣಿ ಪತ್ರ ತೆಗೆದು ಯಾವ ಕಾಯ್ದೆ ಅಂತ ಮೊದಲು ನೋಡಿ. 1959ರ ಸಹಕಾರ ಸಂಘಗಳ ಕಾಯ್ದೆ ಇದ್ದರೆ ನಿಮ್ಮ ಪುಸ್ತಕದ ಹೆಸರು ಉಪವಿಧಿ. ಅಲ್ಲಿ "ನಿಯಮಗಳು" ಅಂದರೆ ಸರ್ಕಾರ 1960ರಲ್ಲಿ ಮಾಡಿದ ನಿಯಮಗಳು, ನಿಮ್ಮವಲ್ಲ. 1972ರ ಅಪಾರ್ಟ್‌ಮೆಂಟ್ ಮಾಲೀಕತ್ವದ ಕಾಯ್ದೆ ಇದ್ದರೂ ಉಪವಿಧಿಯೇ, ಅದು ಘೋಷಣಾ ಪತ್ರದ ಜೊತೆ ಲಗತ್ತಾಗಿರುತ್ತದೆ. ಆದರೆ 1960ರ ಸಂಘಗಳ ನೋಂದಣಿ ಕಾಯ್ದೆ ಇದ್ದರೆ ಕಾಯ್ದೆಯೇ ಅದನ್ನು ನಿಯಮ ಮತ್ತು ನಿಬಂಧನೆಗಳು ಅನ್ನುತ್ತದೆ. ಅಲ್ಲಿ ಅಣ್ಣಾವ್ರ ಮಾತು ಸರಿ ಕೂತಂಗೆ. ವಿನಿಯಮ ಅನ್ನೋ ಪದ ಒಬ್ಬರು ಸೂಚಿಸಿದ್ದಾರಲ್ಲ, ಅದನ್ನು ಬಿಡಿ. ಲಿಫ್ಟ್ ಹತ್ತಿರ ನಿಂತು ಓದುವವರಿಗೆ ಅದು ತಿಳಿಯುವುದಿಲ್ಲ.

ಇನ್ನು ಮಾರ್ಗಸೂಚಿ. ಇದು ಹೀಗೆ ಮಾಡಿದರೆ ಒಳ್ಳೆಯದು ಅನ್ನೋ ಮಾತು. ನಾನು ನೋಡಿದ ಎಷ್ಟೋ ನೋಟಿಸುಗಳಲ್ಲಿ ತಲೆಬರಹ "ಮಾರ್ಗಸೂಚಿ", ಕೆಳಗೆ ಸಾಲು ಸಾಲು "ತಕ್ಕದ್ದು", "ಕೂಡದು". ಓದುವವರು ತಲೆಬರಹಕ್ಕಿಂತ ಜಾಸ್ತಿ ಕ್ರಿಯಾಪದವನ್ನೇ ನೋಡುತ್ತಾರೆ. "ಕುಂಡದ ಕೆಳಗೆ ತಟ್ಟೆ ಇಡಬೇಕು" ಅಂದರೆ ಕಡ್ಡಾಯ, "ತಟ್ಟೆ ಇಟ್ಟರೆ ಒಳ್ಳೆಯದು" ಅಂದರೆ ಸಲಹೆ. ಎರಡನ್ನೂ ಒಂದೇ ಪಟ್ಟಿಯಲ್ಲಿ ಬೆರೆಸಿದರೆ ಜಗಳ ಗ್ಯಾರಂಟಿ.

ನಾವು ಎರಡನೇ ಸಲ ಬರೆದಾಗ ಒಂದೇ ಹಾಳೆಯಲ್ಲಿ ಮೂರು ತುಂಡು ಮಾಡಿದೆವು. ಮೊದಲು ಆಧಾರ: "ಉಪವಿಧಿಯಂತೆ ತಾರಸಿ ಎಲ್ಲರ ಸಾಮಾನ್ಯ ಜಾಗ", ಇದಕ್ಕೆ ಮಾತ್ರ ಪುಸ್ತಕದ ನಂಬರ್ ಹಾಕಿದೆವು. ಆಮೇಲೆ ಕಮಿಟಿ ತೀರ್ಮಾನ, ಸಭೆಯ ತಾರೀಖಿನ ಜೊತೆ: "ಕುಂಡಗಳನ್ನು ನೀರಿನ ಟ್ಯಾಂಕ್ ಮತ್ತು ಮಳೆನೀರು ಹೋಗುವ ಪೈಪಿನ ಬಾಯಿಂದ ದೂರ ಇಡಬೇಕು." ಇದನ್ನು ಉಪವಿಧಿ ಅನ್ನಲಿಲ್ಲ, ಕಮಿಟಿ ತೀರ್ಮಾನ ಅಂತಲೇ ಬರೆದೆವು. ಕೊನೆಗೆ ಸಲಹೆಗಳು: ಕುಂಡದ ಕೆಳಗೆ ಇಟ್ಟಿಗೆ ಕೊಟ್ಟರೆ ಅಡಿ ಒಣಗುತ್ತದೆ, ಬೇಸಿಗೆಯಲ್ಲಿ ಬೆಳಿಗ್ಗೆಯೇ ನೀರು ಹಾಕಿ, ಇಂಥವು. ಮಾರ್ಗಸೂಚಿ ಅಂತಲೂ ಬರೆಯಲಿಲ್ಲ, "ಸಲಹೆಗಳು" ಅಂತಲೇ ಬರೆದೆವು. ಈ ಸಲ ಗುಮಾಸ್ತರು ಓದಿ ಒಂದು ಅಲ್ಪವಿರಾಮ ಮಾತ್ರ ತಿದ್ದಿದರು.

ದಂಡದ ಸಾಲು ತೆಗೆದೆವು. ಪುಸ್ತಕದಲ್ಲಿ ದಂಡದ ಮಾತಿಲ್ಲದಿದ್ದರೂ ಕಮಿಟಿ ವಸೂಲಿ ಮಾಡಬಹುದಾ ಅಂತ ನಮ್ಮಲ್ಲಿ ಇನ್ನೂ ಎರಡು ಗುಂಪು ಇವೆ. ಖಜಾಂಚಿ "ಸರ್ವಸದಸ್ಯರ ಸಭೆ ಒಪ್ಪಿದರೆ ಸಾಕು" ಅನ್ನುತ್ತಾರೆ. ನನಗೆ ಪುಸ್ತಕದಲ್ಲಿ ಇಲ್ಲದ ದಂಡ ಕೇಳಲು ಧೈರ್ಯ ಇಲ್ಲ.

ಯಾದಗಿರಿಯ ತಮ್ಮಾ, ನೀನು ಕೇಳಿದ್ದು ತಾರಸಿ ಎಷ್ಟು ಭಾರ ತಡೆಯುತ್ತದೆ ಅಂತ, ಅಕ್ಕ ಕೇಳಿದ್ದು ಅದಲ್ಲ. ಅದನ್ನು ನಿಮ್ಮ ಕಟ್ಟಡದ ಇಂಜಿನಿಯರ್‌ನ ಕೇಳು, ಡ್ರಮ್ಮಿನಲ್ಲಿ ಮಾವು ಹಾಕುವ ಮೊದಲೇ ಕೇಳು.

ಅಕ್ಕಾ, ನೋಂದಣಿ ಪತ್ರದ ಮೊದಲ ಪುಟದಲ್ಲಿ ಯಾವ ಕಾಯ್ದೆ ಇದೆ ನೋಡಿ ಇಲ್ಲೇ ಬರೆಯಿರಿ. ಫೋಟೋ ಬೇಡ, ಸದಸ್ಯರ ಹೆಸರು ಇರುತ್ತವೆ.