ಚೆನ್ನಯ್ಯ ಬಂದನೋ, ಬಂದೆನೋ?

ಪ್ರಶ್ನೆ: ಪದ್ಯದಲ್ಲಿ ‘ನಾನು’ ಎಂದು ಮಾತನಾಡುವವರು ಕವಿಯೇ ಅಲ್ಲವೇ? ಬೇರೆಯವರು ಎಂದು ಗುರುತಿಸುವುದು ಹೇಗೆ? ಗುರುತಿಸಿದರೆ ಅರ್ಥದಲ್ಲಿ ಏನು ವ್ಯತ್ಯಾಸವಾಗುತ್ತದೆ?

ನಾನು ಕಾಸರಗೋಡಿನ ಕಡೆಯವಳು, ಸಂಜೆ ಹೊತ್ತು ಮನೆಯಲ್ಲಿ ಮಕ್ಕಳಿಗೆ ಕನ್ನಡ ಪಾಠ ಹೇಳಿಕೊಡುತ್ತೇನೆ. ಒಮ್ಮೆ ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ಯಿಂದ (1942) ಬಳೆಗಾರ ಚೆನ್ನಯ್ಯನ ಪದ್ಯ ಓದಿಸುತ್ತಿದ್ದೆ. ಮನೆಯಲ್ಲಿ ಮಲಯಾಳ ಮಾತನಾಡುವ ಹುಡುಗಿಯೊಬ್ಬಳು, “ಚೆನ್ನಯ್ಯ ಬಾಗಿಲಿಗೆ ಬಂದ ಎಂದು ಕವಿ ಹೇಳುತ್ತಾರೆ” ಎಂದಳು. ತಪ್ಪಾದರೂ ಅದಕ್ಕೊಂದು ಕಾರಣವಿತ್ತು. ಮಲಯಾಳದಲ್ಲಿ ನಾನು ಬಂದರೂ ಅವನು ಬಂದರೂ ಕ್ರಿಯಾಪದ ಒಂದೇ, ‘ವನ್ನು’. ಕನ್ನಡದಲ್ಲಿ ಹಾಗಲ್ಲ. ಪದ್ಯದಲ್ಲಿರುವುದು ‘ಬಂದಿಹೆನು’. ‘ನಾನು’ ಎಂಬ ಪದ ಆ ಸಾಲಿನಲ್ಲಿ ಇಲ್ಲದಿದ್ದರೂ ಕೊನೆಯ ‘ಎನು’ ಮಾತನಾಡುವವನು ಚೆನ್ನಯ್ಯನೇ ಎಂದು ಹೇಳಿಬಿಡುತ್ತದೆ. ಹೆಸರಿಗಿಂತ ಮೊದಲು ಕ್ರಿಯಾಪದದ ಬಾಲ ನೋಡಿ ಎಂದು ನಾನು ಮಕ್ಕಳಿಗೆ ಹೇಳುವುದು ಅದಕ್ಕೇ. ಆಮೇಲೆ ಸಂಬೋಧನೆ ನೋಡಬೇಕು. ಕೇಳುವವರು ‘ರಾಯರು’, ಅವರ ಹೆಂಡತಿ ‘ಅಮ್ಮ’. ಮನೆಮನೆಗೆ ಬಳೆಯ ಮಲಾರ ಹೊತ್ತು ಹೋಗುವವನ ಬಾಯಲ್ಲಿ ಬರುವ ಮರ್ಯಾದೆ ಅದು.

ಇನ್ನು ಅರ್ಥದ ವಿಷಯ. ನಿಮಗೆ ಬಳೆ ತೊಡಿಸುವುದಿಲ್ಲ ಎಂದು ಅವನು ರಾಯರಿಗೆ ಹೇಳುತ್ತಾನೆ. ಗಂಡಸಿಗೆ ಬಳೆ ತೊಡು ಎನ್ನುವುದು ನಮ್ಮಲ್ಲಿ ಬೈಗುಳ. ಬೇರೆ ಯಾರ ಬಾಯಲ್ಲಿ ಬಂದರೂ ಆ ಮಾತು ಚುಚ್ಚುತ್ತಿತ್ತು. ಬಳೆಗಾರ ಆಡಿದಾಗ ಅದು ಕಸುಬಿನ ತಮಾಷೆ: ಇವತ್ತು ವ್ಯಾಪಾರಕ್ಕೆ ಬಂದಿಲ್ಲ, ಸುದ್ದಿ ತಂದಿದ್ದೇನೆ ಎಂದಷ್ಟೇ.

ಇದಕ್ಕಿಂತ ದೊಡ್ಡ ವ್ಯತ್ಯಾಸ ಸುದ್ದಿಯಲ್ಲಿದೆ. ತವರಿನಲ್ಲಿರುವ ಬಸುರಿ ಹೆಂಡತಿ ಮುಡಿದ ಮಲ್ಲಿಗೆ ಬಾಡಿಲ್ಲ, ಕೊರಗಬೇಡಿ ಎನ್ನುತ್ತಾನೆ. ಅವಳು ನಿಟ್ಟುಸಿರು ಬಿಡುತ್ತಾಳೆ ಎಂದೂ ಹೇಳುತ್ತಾನೆ. ಕವಿಯೇ ಹೇಳಿದ್ದರೆ ಎರಡನ್ನೂ ಇದ್ದದ್ದು ಇದ್ದಂತೆ ಎಂದು ಒಪ್ಪಿಬಿಡುತ್ತೇವೆ. ಚೆನ್ನಯ್ಯ ಹೇಳಿದರೆ ಹಾಗಾಗುವುದಿಲ್ಲ. ಅವನು ಕಂಡದ್ದೆಷ್ಟು, ರಾಯರ ಸಮಾಧಾನಕ್ಕೆ ಸೇರಿಸಿದ್ದೆಷ್ಟು? ಹೆಂಡತಿಯ ಹಂಬಲ ಅವಳ ಬಾಯಿಂದ ಬರುವುದಿಲ್ಲ, ಗಂಡನ ತಳಮಳವೂ ಅವನ ಬಾಯಿಂದ ಬರುವುದಿಲ್ಲ. ಇಬ್ಬರ ಸಂಕೋಚವನ್ನೂ ಮೂರನೆಯವನು ಹೊರುತ್ತಾನೆ. ಪದ್ಯದ ಸೊಗಸೆಲ್ಲ ಆ ಮೂರನೆಯವನಲ್ಲಿದೆ ಎಂಬುದು ನನ್ನ ಅಭಿಪ್ರಾಯ.

ಎಲ್ಲ ಪದ್ಯಗಳಲ್ಲೂ ಇಷ್ಟು ನಿಚ್ಚಳವಾದ ಗುರುತು ಸಿಗುವುದಿಲ್ಲ, ನಿಜ. ಬೇಂದ್ರೆಯವರ ‘ನೀ ಹೀಂಗ ನೋಡಬ್ಯಾಡ ನನ್ನ’ ಅವರ ಸ್ವಂತ ಮಗುವಿನ ಸಾವಿನಿಂದ ಹುಟ್ಟಿದ್ದು. ಅಲ್ಲಿ ಕವಿಗೂ ‘ನಾನು’ವಿಗೂ ನಡುವೆ ಅಂತರ ಕೂದಲೆಳೆಯಷ್ಟು. ಅಂಥ ಕಡೆಯಲ್ಲೂ ನಾನು ಮೊದಲು, ಹೆಂಡತಿಯ ನೋಟ ತಾಳಲಾರದ ಗಂಡನೊಬ್ಬ ಎಂದಷ್ಟೇ ಓದಿಕೊಂಡು, ಜೀವನಚರಿತ್ರೆಯನ್ನು ಆಮೇಲೆ ತೆರೆಯುತ್ತೇನೆ.

ಆ ಹುಡುಗಿ ಮರುದಿನ ಬಂದು ಕೇಳಿದಳು: “ಟೀಚರ್, ಮಲ್ಲಿಗೆ ಬಾಡಿಲ್ಲ ಅಂದದ್ದು ಸುಳ್ಳಿರಬಹುದಾ? ಆ ಊರಿಂದ ನಡೆದು ಬರುವಷ್ಟರಲ್ಲಿ ಬಾಡಿರುತ್ತದಲ್ಲ?”