ಪ್ರತಿ ಏಪ್ರಿಲ್‌ನಲ್ಲೂ ಸಮುದ್ರದ ಬಿಸಿ ಅಲೆ?

«ಮೈಸೂರಿನಲ್ಲಿ ಎಂ.ಎಸ್ಸಿ. ಪ್ರಾಜೆಕ್ಟ್. ಸಮುದ್ರದ ಮೇಲ್ಮೈ ಉಷ್ಣತೆಯ OISST ಡೇಟಾ ಹಾಕಿದರೆ ಲಕ್ಷದ್ವೀಪದ ಬಳಿ ಪ್ರತಿ ವರ್ಷ ಏಪ್ರಿಲ್-ಮೇ ಪೂರ್ತಿ ಬಿಸಿ ಅಲೆ ಅಂತ ಬರ್ತಿದೆ. ಎಲ್ಲಿ ತಪ್ಪು?»

ಬಹುಶಃ ಇಡೀ ವರ್ಷಕ್ಕೆ ಒಂದೇ ಮಿತಿ ಇಟ್ಟಿದ್ದೀರಿ. ಕೋಡ್ ನೋಡದೆ ಖಚಿತವಾಗಿ ಹೇಳಲಾರೆ. ಮಳೆಗಾಲಕ್ಕೆ ಮುಂಚೆ ಆ ಸಮುದ್ರ ಹೇಗಿದ್ದರೂ ಕಾಯುತ್ತದೆ, ಮಂಡ್ಯದ ಏಪ್ರಿಲ್ ಬಿಸಿಲಿನ ಹಾಗೆ. ಆ ತಾರೀಖಿನ ವಾಡಿಕೆಗಿಂತ ಜಾಸ್ತಿ ಇದೆಯಾ ಅನ್ನೋದನ್ನು ನೋಡಬೇಕು.

ಮೊದಲು 1991ರಿಂದ 2020ರವರೆಗಿನ 30 ವರ್ಷ ತೆಗೆದುಕೊಳ್ಳಿ. ಪ್ರತಿ ತಾರೀಖಿಗೂ ಅದರ ಹಿಂದಿನ 5, ಮುಂದಿನ 5 ದಿನ ಸೇರಿಸಿ, 90ನೇ ಪರ್ಸೆಂಟೈಲ್ ಲೆಕ್ಕ ಹಾಕಿ. ಅದೇ ಆ ದಿನದ ಮಿತಿ. ಉಷ್ಣತೆ ಸತತ 5 ದಿನವಾದರೂ ಅದನ್ನು ದಾಟಿದರೆ ಮಾತ್ರ ಬಿಸಿ ಅಲೆ. ಎರಡು ಅಲೆಗಳ ನಡುವೆ 2 ದಿನದೊಳಗಿನ ಬಿಡುವಿದ್ದರೆ ಒಂದೇ ಅಲೆ ಅಂತ ಎಣಿಸಿ.

ಸರಿಯಾಯ್ತಾ ಅಂತ ತಿಳಿಯೋದು ಸುಲಭ. ಆ 30 ವರ್ಷಗಳಲ್ಲಿ ಮಿತಿ ದಾಟಿದ ದಿನಗಳು ಪ್ರತಿ ತಿಂಗಳಲ್ಲೂ ಶೇ. 10ರ ಆಸುಪಾಸು ಇರಬೇಕು. ಡಿಸೆಂಬರ್‌ನಲ್ಲೂ ಅಲೆಗಳು ಕಾಣಿಸಿದರೆ ಗಾಬರಿ ಬೇಡ, ಅವು ನಿಜವಾದವೇ.

ನಿಮ್ಮ ಪ್ರಾಜೆಕ್ಟ್‌ನಲ್ಲಿ ಹವಳದ ಅಧ್ಯಾಯವೂ ಇದ್ದರೆ ಅದಕ್ಕೆ ಮಾತ್ರ ಈ ಲೆಕ್ಕ ಸಾಲದು. ಡಿಸೆಂಬರ್ ಅಲೆಯಿಂದ ಹವಳ ಸಾಮಾನ್ಯವಾಗಿ ಬಿಳಚುವುದಿಲ್ಲ. ಅಲ್ಲಿ ವರ್ಷದ ಅತಿ ಬಿಸಿ ತಿಂಗಳ ಸರಾಸರಿಯೇ ಆಧಾರ. ಅದು 30 ಡಿಗ್ರಿ ಅಂದುಕೊಳ್ಳಿ. ನೀರು 4 ವಾರ 31.2ರಲ್ಲಿ ನಿಂತರೆ 1.2 ಗುಣಿಸು 4, ಅಂದರೆ 4.8 ಡಿಗ್ರಿ-ವಾರ. 1 ಡಿಗ್ರಿಗಿಂತ ಕಡಿಮೆ ಹೆಚ್ಚಳವನ್ನು ಎಣಿಸಬೇಡಿ, ಹಿಂದಿನ 12 ವಾರ ಮಾತ್ರ ಕೂಡಿ. 4 ದಾಟಿದರೆ ಬಿಳಚುವ ಸಾಧ್ಯತೆ, 8 ದಾಟಿದರೆ ಸಾಯುವ ಅಪಾಯ.