ಮೀಮ್‌ನ ಬೆಕ್ಕು ಯಾವ ಅರೇಬಿಕ್ ಮಾತಾಡಬೇಕು?

ಪ್ರಶ್ನೆ: ನಾನು ಮದರಸದಲ್ಲಿ ಅರೇಬಿಕ್ ಕಲಿತವನು. ಈಗ ಅನುವಾದದ ಕೆಲಸ ಹಿಡಿದಿದ್ದೇನೆ. ಇಂಗ್ಲಿಷ್ ಮೀಮ್ ಚಿತ್ರಗಳ ಮೇಲಿನ ಬರಹವನ್ನು ಅರೇಬಿಕ್‌ಗೆ ತರಬೇಕಂತೆ. ಯಾವ ದೇಶಕ್ಕೆ ಅಂತ ಹೇಳಿಲ್ಲ. ನನ್ನ ಫುಸ್ಹಾ, ಅಂದರೆ ಗ್ರಾಂಥಿಕ ಅರೇಬಿಕ್, ಓದಿ ಯಾರೂ ನಗುತ್ತಿಲ್ಲ. ಆಡುಮಾತಲ್ಲಿ ಬರೆಯಬೇಕಾ? ಬರೆದರೆ ಯಾವ ದೇಶದ್ದು? (ಓದುಗರು, ಭಟ್ಕಳ)

ಉತ್ತರ: ಆಡುಮಾತಲ್ಲೇ ಬರೆಯಿರಿ. ಫುಸ್ಹಾದಲ್ಲಿ ಸುದ್ದಿ ಓದುತ್ತಾರೆ, ಪಾಠ ಮಾಡುತ್ತಾರೆ, ಸರ್ಕಾರಿ ಪತ್ರ ಬರೆಯುತ್ತಾರೆ. ಆದರೆ ಅದು ಯಾರ ಮನೆಮಾತೂ ಅಲ್ಲ. ಹರಟೆ, ಜಗಳ, ತಮಾಷೆ ಎಲ್ಲ ಆಮ್ಮಿಯ್ಯದಲ್ಲಿ, ಅಂದರೆ ಆಯಾ ಊರಿನ ಆಡುಮಾತಿನಲ್ಲಿ. ‘ಮೇಲಧಿಕಾರಿಯವರು ಕರೆದ ಸಂದರ್ಭದಲ್ಲಿ ನನ್ನ ಸ್ಥಿತಿ’ ಅಂತ ಕನ್ನಡದಲ್ಲಿ ಮೀಮ್ ಮಾಡಿದರೆ ಹೇಗಿರುತ್ತೆ? ನಿಮ್ಮ ಅನುವಾದ ಅವರಿಗೆ ಹಾಗೆ ಕೇಳಿಸುತ್ತಿರಬೇಕು.

ಒಂದು ಚಿತ್ರ ತೆಗೆದುಕೊಳ್ಳೋಣ. ಬೆಕ್ಕೊಂದು ಲ್ಯಾಪ್‌ಟಾಪ್ ಮುಂದೆ ಕಣ್ಣು ಬಿಟ್ಟುಕೊಂಡು ಕೂತಿದೆ. ‘ಶುಕ್ರವಾರ ಸಂಜೆ ಬಾಸ್ ಒಂದೇ ನಿಮಿಷ ಅಂದಾಗ ನಾನು’ ಅನ್ನುವ ಅರ್ಥದ ಇಂಗ್ಲಿಷ್ ಬರಹ ಮೇಲಿದೆ. ಫುಸ್ಹಾದಲ್ಲಿ ಇದು ‘ಅನಾ ಇಂದಮಾ ಯಕೂಲು ಅಲ್-ಮುದೀರ್: ದಕೀಕಾ ಫಕತ್’. ತಪ್ಪೇನಿಲ್ಲ, ಆದರೆ ಬೆಕ್ಕು ವಾರ್ತೆ ಓದಿದಂತಿದೆ. ‘ಇಂದಮಾ’ ತೆಗೆದು ‘ಲಮ್ಮಾ’ ಹಾಕಿ. ‘ಫಕತ್’ ತೆಗೆದು ‘ಬಸ್’ ಹಾಕಿ. ‘ಅನಾ ಲಮ್ಮಾ ಯಕೂಲ್ ಅಲ್-ಮುದೀರ್ ದಕೀಕಾ ಬಸ್.’ ಈಗ ಬೆಕ್ಕಿಗೆ ಜೀವ ಬಂತು. (ಲಮ್ಮಾ ಫುಸ್ಹಾದಲ್ಲೂ ಇದೆಯಲ್ಲ ಅಂತ ನೀವು ಕೇಳಬಹುದು. ‘ಅಂದಾಗ’, ‘ಬಂದಾಗ’ ಎನ್ನುವಂಥ ಅರ್ಥದಲ್ಲಿ ಅಲ್ಲಿ ಅದರ ಮುಂದೆ ಭೂತಕಾಲದ ಕ್ರಿಯಾಪದ ಬೇಕು.)

ಈ ಸಾಲು ಕೈರೋದಲ್ಲೂ ನಡೆಯುತ್ತೆ, ದಮಾಸ್ಕಸ್‌ನಲ್ಲೂ ರಿಯಾದ್‌ನಲ್ಲೂ ನಡೆಯುತ್ತೆ. ಅರೇಬಿಕ್ ಬರಹದಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ‘ಯಕೂಲ್’ ಅಂತ ಬರೆದದ್ದನ್ನು ಕೈರೋದವರು ‘ಯಿಊಲ್’ ಅಂತ, ರಿಯಾದ್‌ನವರು ‘ಯಿಗೂಲ್’ ಅಂತ ತಮ್ಮ ನಾಲಿಗೆಗೆ ತಕ್ಕಂತೆ ಓದಿಕೊಳ್ಳುತ್ತಾರೆ. ದೇಶ ಗೊತ್ತಿಲ್ಲದಾಗ ಹೀಗೆ ಎಲ್ಲರಿಗೂ ಸಲ್ಲುವ ಪದಗಳಲ್ಲೇ ಸಾಲು ಕಟ್ಟಿ. ಅರಬ್ಬರು ಇಂಥ ಮಾತನ್ನು ‘ಬಿಳಿ ಆಡುಮಾತು’ ಅನ್ನುತ್ತಾರೆ.

ಯಾವ ದೇಶದ ಮಾತು ಎಂಬ ಗುಟ್ಟು ಬಿಟ್ಟುಕೊಡುವುದು ಕೆಲವೇ ಪದಗಳು. ‘ಬೇಕು’ ಎನ್ನುವುದಕ್ಕೆ ಈಜಿಪ್ಟ್‌ನಲ್ಲಿ ಆಯಿಜ್, ಸಿರಿಯಾ-ಲೆಬನಾನ್ ಕಡೆ ಬಿದ್ದಿ, ಸೌದಿಯಲ್ಲಿ ಅಬ್ಗಾ. ‘ಈಗ’ ಎನ್ನುವುದಕ್ಕೆ ದಿಲ್ವಅತಿ, ಹಲ್ಲಅ್, ಅಲ್-ಹೀನ್. ಇಂಥ ಪದ ಬಂದರೆ ಒಂದು ದೇಶ ಆರಿಸಲೇಬೇಕು. ಆರಿಸಿದ ಮೇಲೆ ಕೊನೆವರೆಗೂ ಅದರಲ್ಲೇ ಇರಿ. ಒಂದೇ ಸಾಲಿನಲ್ಲಿ ‘ಬಿದ್ದಿ’ ಮತ್ತು ‘ದಿಲ್ವಅತಿ’ ಎರಡೂ ಇದ್ದರೆ ಹೊರಗಿನವರು ಬರೆದದ್ದು ಅಂತ ಗೊತ್ತಾಗಿಬಿಡುತ್ತೆ. ನಾನಾಗಿದ್ದರೆ ಈಜಿಪ್ಟ್‌ನದ್ದನ್ನೇ ಹಿಡಿಯುತ್ತಿದ್ದೆ. ಅಲ್ಲಿನ ಸಿನಿಮಾ, ಧಾರಾವಾಹಿಗಳಿಂದ ಅದು ದಶಕಗಳಿಂದ ಎಲ್ಲರ ಕಿವಿಗೂ ಬಿದ್ದಿದೆ. ಮೊರೊಕ್ಕೊ, ಅಲ್ಜೀರಿಯಾ ಕಡೆಯದು ಮಾತ್ರ ಬೇರೆಯೇ ಕೆಲಸ. ಅದನ್ನು ಅಲ್ಲಿನವರಿಗೇ ಬಿಡಿ.

ಈಜಿಪ್ಟ್ ಆರಿಸಿದರೆ ಒಂದು ತೊಡಕಿದೆ. ಫುಸ್ಹಾದಲ್ಲಿ ‘ಬೇಕು’ ಎನ್ನುವ ‘ಉರೀದು’ವಿಗೆ ಗಂಡು ಹೆಣ್ಣಿನ ಭೇದವಿಲ್ಲ. ಆದರೆ ಅಲ್ಲಿ ಗಂಡು ‘ಆಯಿಜ್’ ಅಂದರೆ ಹೆಣ್ಣು ‘ಆಯ್ಜಾ’ ಅನ್ನಬೇಕು. ಇಂಗ್ಲಿಷ್ ಬರಹ ನೋಡಿದರೆ ಇದು ತಿಳಿಯಲ್ಲ, ಚಿತ್ರ ನೋಡಲೇಬೇಕು. ಚಿತ್ರದಲ್ಲಿ ಹುಡುಗಿ ಇದ್ದು ಮೇಲೆ ‘ಆಯಿಜ್’ ಅಂತಿದ್ದರೆ ಜನ ನಗುತ್ತಾರೆ, ಆದರೆ ನಿಮಗೆ ಬೇಕಾದ ನಗು ಅದಲ್ಲ. ಅದಕ್ಕೇ ಬರೀ ಪಠ್ಯದ ಪಟ್ಟಿ ಕಳಿಸಿದರೆ ಒಪ್ಪಬೇಡಿ, ಚಿತ್ರ ಕೇಳಿ.

ಹಾಗೆಯೇ ಶುಕ್ರವಾರ. ಈಜಿಪ್ಟ್, ಸೌದಿಯಲ್ಲಿ ವಾರದ ರಜೆ ಶುಕ್ರವಾರ-ಶನಿವಾರ. ಅಲ್ಲಿನ ಬೆಕ್ಕಿಗೆ ಸಂಕಟ ಗುರುವಾರ ಸಂಜೆ. ಯುಎಇಯ ಸರ್ಕಾರಿ ಕಚೇರಿಗಳು ಮಾತ್ರ 2022ರ ಜನವರಿಯಿಂದ ಶನಿವಾರ-ಭಾನುವಾರದ ರಜೆಗೆ ಬದಲಾಗಿವೆ. ಅದಕ್ಕೇ ಮೇಲಿನ ಸಾಲಲ್ಲಿ ನಾನು ದಿನವನ್ನೇ ಬಿಟ್ಟೆ.

ಫುಸ್ಹಾಗೆ ಮೀಮ್‌ನಲ್ಲಿ ಜಾಗವೇ ಇಲ್ಲವಾ? ಇದೆ. ಚಿತ್ರದೊಳಗೆ ಬೋರ್ಡು, ನೋಟಿಸು, ಟಿವಿ ಸುದ್ದಿಯ ಪಟ್ಟಿ ಇದ್ದರೆ ಅದು ಫುಸ್ಹಾದಲ್ಲೇ ಇರಲಿ. ಅದರ ಪಕ್ಕದ ಆಡುಮಾತು ಆಗ ಇನ್ನೂ ಚುರುಕಾಗುತ್ತೆ. ಬೇಕಂತಲೇ ಗತ್ತು ತೋರಿಸಿ ನಗಿಸುವುದಕ್ಕೂ ಅದೇ ಬೇಕು. ಫುಸ್ಹಾದಲ್ಲಿ ಡಬ್ ಆದ ಕಾರ್ಟೂನ್ ನೋಡಿ ಬೆಳೆದವರಿಗೆ ‘ತಬ್ಬನ್ ಲಕ್’, ಅಂದರೆ ನಿನಗೆ ಧಿಕ್ಕಾರ, ಅನ್ನುವ ಬೈಗುಳ ಕೇಳಿದರೇ ನಗು. ಬೆಕ್ಕು ಸಿಟ್ಟಿನಿಂದ ಮೀನನ್ನು ದಿಟ್ಟಿಸುತ್ತಿದ್ದರೆ ಧಾರಾಳವಾಗಿ ಬಳಸಿ.

ಕೊನೆಗೆ, ಬರಹ ಚಿತ್ರದ ಮೇಲೆ ಕೂತ ಮೇಲೆ ಒಮ್ಮೆ ತರಿಸಿ ನೋಡಿ. ಕೆಲವು ಚಿತ್ರ ತಂತ್ರಾಂಶಗಳಲ್ಲಿ ಅರೇಬಿಕ್ ಅಕ್ಷರಗಳು ಒಂದಕ್ಕೊಂದು ಕೂಡಿಕೊಳ್ಳದೆ ಬಿಡಿಬಿಡಿಯಾಗಿ, ಎಡದಿಂದ ಬಲಕ್ಕೆ ಬೀಳುತ್ತವೆ. ‘ಮುದೀರ್’ನ ಮೊದಲ ಅಕ್ಷರ ಮೀಮ್ ಮುಂದಿನ ದಾಲ್‌ಗೆ ಅಂಟಿರಬೇಕು. ಅಂಟಿಲ್ಲದಿದ್ದರೆ ಚಿತ್ರ ಮಾಡಿದವರಿಗೆ ವಾಪಸ್ ಕಳಿಸಿ.